703 ಬಂದರೆ ಎಷ್ಟು ಪ್ರಶ್ನೆ ತಪ್ಪು? ಸರ್ಟಿಫಿಕೇಶನ್ ಸ್ಕೋರ್ ರಿಪೋರ್ಟ್ ಓದುವ ಬಗೆ

2024ರ ನೀಟ್ ಫಲಿತಾಂಶ ಬಂದಾಗ ಎರಡು ಅಂಕಗಳು ಇಡೀ ದೇಶದ ಕಣ್ಣಿಗೆ ಬಿದ್ದವು: 718 ಮತ್ತು 719. ಆ ಪರೀಕ್ಷೆಯಲ್ಲಿ ಉತ್ತರಿಸಬೇಕಾದದ್ದು 180 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಎಲ್ಲವೂ ಸರಿಯಾದರೆ 720. ಒಂದನ್ನು ಬಿಟ್ಟರೆ 716, ಒಂದು ತಪ್ಪಾದರೆ 715. ನಡುವೆ 718, 719 ಬರುವ ದಾರಿಯೇ ಇಲ್ಲ. ಕಾಗದ, ಪೆನ್ನು ಇದ್ದವರು ಯಾರು ಬೇಕಾದರೂ ಇದನ್ನು ಕಂಡುಹಿಡಿಯಬಹುದಿತ್ತು, ಕಂಡುಹಿಡಿದರು ಕೂಡ. ಕೆಲವು ಕೇಂದ್ರಗಳಲ್ಲಿ ಸಮಯ ಹಾಳಾಗಿದ್ದಕ್ಕೆ 1,563 ಅಭ್ಯರ್ಥಿಗಳಿಗೆ ಪರಿಹಾರದ ಅಂಕ ಕೊಟ್ಟಿದ್ದೇವೆ ಎಂದು ಪರೀಕ್ಷೆ ನಡೆಸುವ ಎನ್‌ಟಿಎ ಹೇಳಿತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಯಿತು. ಆ ಅಂಕ ರದ್ದಾಗಿ, ಅವರಿಗೆ ಮರುಪರೀಕ್ಷೆಯ ಅವಕಾಶ ಸಿಕ್ಕಿತು.

ಆ ಗಲಾಟೆ ಮುಗಿದರೂ ಅನುಮಾನ ಉಳಿದಿದೆ. ನಾರ್ಮಲೈಸೇಶನ್, ಪರ್ಸೆಂಟೈಲ್, ಸ್ಕೇಲ್ಡ್ ಸ್ಕೋರ್ ಎಂಬ ಪದ ಕೇಳಿದರೆ ಸಾಕು, 'ಏನೋ ಕೈಚಳಕ ನಡೆದಿದೆ' ಅನ್ನಿಸುತ್ತದೆ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಕ್ಲೌಡ್ ಸರ್ಟಿಫಿಕೇಶನ್ ಬರೆಯುವವರಲ್ಲೂ ಈ ಅನುಮಾನ ಜಾಸ್ತಿ. ಪಾಸಾಗಲು 1000ಕ್ಕೆ 720 ಬೇಕು, ಬಂದಿದ್ದು 703. ಇನ್ನು 17 ಅಂಕ ತಾನೇ? ಮತ್ತೊಮ್ಮೆ ಎಣಿಸಿ ಅಂತ ಕೇಳಿದರೆ ಸಿಗಲಿಕ್ಕಿಲ್ಲವೇ?

ಬಹಳ ಸಲ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ, ಯಾವಾಗ ಸಿಗಬಹುದು ಎಂದು ತಿಳಿಯಲು ಆ 703 ಹೇಗೆ ಹುಟ್ಟಿತು ಎಂದು ಮೊದಲು ನೋಡಬೇಕು.

ನಮಗೆ ರೂಢಿಯಾದ ಮರುಎಣಿಕೆ

ಕರ್ನಾಟಕದಲ್ಲಿ ಓದಿದವರಿಗೆ ಮರುಎಣಿಕೆ, ಮರುಮೌಲ್ಯಮಾಪನ ಹೊಸದಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಬೆನ್ನಿಗೇ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕುತ್ತೇವೆ. ವಿಟಿಯುನಲ್ಲಿ ರೀವ್ಯಾಲ್ಯುಯೇಶನ್ ಹಾಕದೆ ಇಂಜಿನಿಯರಿಂಗ್ ಮುಗಿಸಿದವರನ್ನು ಹುಡುಕುವುದೇ ಕಷ್ಟ. ಇದರ ಹಿಂದೆ ನ್ಯಾಯವಾದ ಕಾರಣವಿದೆ. ಅಲ್ಲಿ ಉತ್ತರ ಓದುವುದು ಮನುಷ್ಯರು. ಒಬ್ಬರು 6 ಕೊಟ್ಟ ಉತ್ತರಕ್ಕೆ ಇನ್ನೊಬ್ಬರು 8 ಕೊಡಬಹುದು. ಒಳಪುಟದ ಒಂದು ಉತ್ತರ ಕಣ್ತಪ್ಪಿ ಹೋಗಬಹುದು. ಕೂಡುವಾಗ ತಪ್ಪಾಗಬಹುದು. ಹಾಗಾಗಿ ಮತ್ತೆ ನೋಡಿದಾಗ ಅಂಕ ನಿಜಕ್ಕೂ ಬದಲಾಗುತ್ತದೆ.

ಆಯ್ಕೆ ಪ್ರಶ್ನೆಗಳ ಕಂಪ್ಯೂಟರ್ ಪರೀಕ್ಷೆಯಲ್ಲಿ ಈ ಮೂರೂ ಇಲ್ಲ. ನೀವು ಬಿ ಒತ್ತಿದ್ದೀರಿ, ಕೀ ಉತ್ತರ ಸಿ. ಸಾವಿರ ಸಲ ನೋಡಿದರೂ ಬಿ ಬಿಯೇ. ರೂಢಿ ಒಂದು ಕಡೆಯದು, ಪರೀಕ್ಷೆ ಇನ್ನೊಂದು ಕಡೆಯದು. ಮತ್ತೆ ಎಣಿಸಿ ಎಂದು ಕೇಳುವ ರೀಸ್ಕೋರ್ ಅರ್ಜಿಗಳ ಬಗೆಗಿನ ನಿರಾಸೆ ಬಹುಪಾಲು ಶುರುವಾಗುವುದು ಇಲ್ಲಿಂದ.

ರಿಪೋರ್ಟ್‌ನಲ್ಲಿ ಇರುವುದೇನು

ಬೆಂಗಳೂರಿನಲ್ಲಿ ತುಂಬ ಜನ ಬರೆಯುವ ಒಂದು ಪರೀಕ್ಷೆಯನ್ನೇ ತೆಗೆದುಕೊಳ್ಳೋಣ: ಅಮೆಜಾನ್ ಕಂಪನಿಯ ಕ್ಲೌಡ್ ಸೇವೆಯಾದ ಎಡಬ್ಲ್ಯೂಎಸ್‌ನ ಸೊಲ್ಯೂಶನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್, ಕೋಡ್ SAA-C03. 130 ನಿಮಿಷ, 65 ಪ್ರಶ್ನೆ. ಶುಲ್ಕ 150 ಡಾಲರ್, ತೆರಿಗೆ ಬೇರೆ. ಸ್ಕೋರ್ 100ರಿಂದ 1000ದ ಒಳಗೆ ಬರುತ್ತದೆ. 720 ಬಂದರೆ ಪಾಸ್.

65ರಲ್ಲಿ 15 ಪ್ರಶ್ನೆಗಳು ಲೆಕ್ಕಕ್ಕೇ ಬರುವುದಿಲ್ಲ. ಮುಂದಿನ ಪರೀಕ್ಷೆಗಳಿಗಾಗಿ ಅವನ್ನು ನಮ್ಮ ಮೇಲೆ ಪ್ರಯೋಗ ಮಾಡಿ ನೋಡುತ್ತಾರೆ. ಪ್ರಶ್ನೆ ಎಷ್ಟು ಕಷ್ಟ, ಚೆನ್ನಾಗಿ ಓದಿದವರು ಅದನ್ನು ಸರಿ ಮಾಡುತ್ತಾರಾ ಎಂಬ ಮಾಹಿತಿ ಹೀಗೆ ಸಿಗುತ್ತದೆ. ಯಾವ 15 ಎಂದು ಮಾತ್ರ ಹೇಳುವುದಿಲ್ಲ. ಆದ್ದರಿಂದ ಪರೀಕ್ಷೆ ಮುಗಿಸಿ ಬಂದು ಗೆಳೆಯರ ಜೊತೆ ಕೂತು '47 ಸರಿ ಇದ್ದವು, ಅಂದರೆ 72 ಪರ್ಸೆಂಟ್' ಎಂದು ಲೆಕ್ಕ ಹಾಕುವುದು ಸುಮ್ನೆ ಶ್ರಮ. ನೆನಪು ಪಕ್ಕಾ ಇದ್ದರೂ, ಆ 47ರಲ್ಲಿ ಎಷ್ಟು ಲೆಕ್ಕಕ್ಕೆ ಬಂದವು ಎಂದು ಗೊತ್ತಾಗುವುದಿಲ್ಲ.

ಉಳಿದ 50 ಪ್ರಶ್ನೆಗಳು ನಾಲ್ಕು ವಿಭಾಗಗಳಲ್ಲಿ ಹಂಚಿಕೆಯಾಗಿವೆ. ಸೆಕ್ಯೂರಿಟಿ ವಿನ್ಯಾಸಕ್ಕೆ ಶೇ 30, ತೊಂದರೆ ಬಂದರೂ ನಿಲ್ಲದ ವ್ಯವಸ್ಥೆಯ ವಿನ್ಯಾಸಕ್ಕೆ ಶೇ 26, ವೇಗಕ್ಕೆ ಶೇ 24, ಖರ್ಚು ಉಳಿಸುವುದಕ್ಕೆ ಶೇ 20. ಪ್ರಶ್ನೆಗಳ ಲೆಕ್ಕದಲ್ಲಿ ಇದು 15, 13, 12 ಮತ್ತು 10. ಈ ಸಣ್ಣ ಸಂಖ್ಯೆಗಳು ಮುಂದೆ ಕೆಲಸಕ್ಕೆ ಬರುತ್ತವೆ.

ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಬಿಟ್ಟ ಪ್ರಶ್ನೆಯೂ ತಪ್ಪಿನ ಲೆಕ್ಕಕ್ಕೇ ಹೋಗುತ್ತದೆ. ನೀಟ್ ಬರೆದು ಬಂದವರು ಖಾಲಿ ಬಿಡುವ ಅಭ್ಯಾಸವನ್ನು ಇಲ್ಲಿ ಮರೆಯಬೇಕು.

ಸ್ಕೇಲ್ ಯಾಕೆ ಬೇಕಾಯಿತು

ಎಲ್ಲರೂ ಒಂದೇ ದಿನ ಬರೆಯುವ ಪರೀಕ್ಷೆಯಲ್ಲ ಇದು. ಸೋಮವಾರ ಒಬ್ಬರು ಬರೆಯುತ್ತಾರೆ, ಮುಂದಿನ ತಿಂಗಳು ಇನ್ನೊಬ್ಬರು. ಎಲ್ಲರಿಗೂ ಒಂದೇ ಪತ್ರಿಕೆ ಕೊಟ್ಟರೆ ವಾರದೊಳಗೆ ಅದು ಹೊರಗೆ ಹರಿದಾಡುತ್ತದೆ. ಹಾಗಾಗಿ ಬೇರೆ ಬೇರೆ ಪ್ರಶ್ನೆಗಳ ಹಲವು ಪತ್ರಿಕೆಗಳು ಚಲಾವಣೆಯಲ್ಲಿ ಇರುತ್ತವೆ. ಎಷ್ಟೇ ಎಚ್ಚರ ವಹಿಸಿದರೂ ಎರಡು ಪತ್ರಿಕೆಗಳ ಕಷ್ಟ ಕೂದಲೆಳೆಯೂ ವ್ಯತ್ಯಾಸವಿಲ್ಲದೆ ಒಂದೇ ಆಗುವುದಿಲ್ಲ. ಸ್ಕೇಲಿಂಗ್ ಹುಟ್ಟಿದ್ದು ಈ ಸಮಸ್ಯೆಯಿಂದ.

ಉದಾಹರಣೆಗೆ ಎರಡು ಪತ್ರಿಕೆ ಊಹಿಸಿಕೊಳ್ಳಿ. ಮುಂದಿನ ಅಂಕಿಗಳು ವಿಷಯ ಅರ್ಥವಾಗಲಿ ಎಂದು ನಾವು ಇಟ್ಟುಕೊಂಡವು. ಎಡಬ್ಲ್ಯೂಎಸ್ ತನ್ನ ಪರಿವರ್ತನೆಯ ಪಟ್ಟಿಯನ್ನು ಹೊರಗೆ ಕೊಡುವುದಿಲ್ಲ. ಪತ್ರಿಕೆ ಒಂದು ಸ್ವಲ್ಪ ಕಷ್ಟ. ಅದರಲ್ಲಿ 50ಕ್ಕೆ 34 ಸರಿ ಮಾಡಿದರೆ ಅರ್ಹತೆ. ಪತ್ರಿಕೆ ಎರಡು ಸ್ವಲ್ಪ ಸುಲಭ. ಅಲ್ಲಿ 36 ಸರಿಯಾಗಬೇಕು. ಎರಡೂ ಕಡೆ ಅರ್ಹತೆಯ ಗೆರೆಯನ್ನು 720ಕ್ಕೆ ಕಟ್ಟುತ್ತಾರೆ, ಎಲ್ಲವೂ ಸರಿಯಾದರೆ 1000 ಎನ್ನುತ್ತಾರೆ. ಪತ್ರಿಕೆ ಒಂದರಲ್ಲಿ 720ರಿಂದ 1000ಕ್ಕೆ ಏರಲು 16 ಪ್ರಶ್ನೆ, ಎರಡರಲ್ಲಿ 14. ಆಗ ಸೂತ್ರ ಹೀಗಾಗುತ್ತದೆ:

```
ಪತ್ರಿಕೆ 1:  720 + (ಸರಿ ಉತ್ತರ − 34) × 17.5
ಪತ್ರಿಕೆ 2:  720 + (ಸರಿ ಉತ್ತರ − 36) × 20
```

ಈಗ ಇಬ್ಬರು 34 ಪ್ರಶ್ನೆ ಸರಿ ಮಾಡಿದ್ದಾರೆ ಎಂದುಕೊಳ್ಳಿ. ಕಷ್ಟದ ಪತ್ರಿಕೆ ಸಿಕ್ಕವರಿಗೆ 720, ಪಾಸ್. ಸುಲಭದ ಪತ್ರಿಕೆ ಸಿಕ್ಕವರಿಗೆ 680, ಫೇಲ್. ಮೇಲ್ನೋಟಕ್ಕೆ ಇದು ಅನ್ಯಾಯ. ಒಳಗೆ ನೋಡಿದರೆ ಅನ್ಯಾಯ ತಪ್ಪಿಸುವ ದಾರಿಯೇ ಇದು. ಕಚ್ಚಾ ಅಂಕವನ್ನೇ ಇಟ್ಟುಕೊಂಡು ಎಲ್ಲರಿಗೂ 35ರ ಗೆರೆ ಎಳೆದಿದ್ದರೆ, ಕಷ್ಟದ ಪತ್ರಿಕೆ ಸಿಕ್ಕ ಅರ್ಹರು ಹೊರಗೆ ಉಳಿಯುತ್ತಿದ್ದರು. ಸುಲಭದ ಪತ್ರಿಕೆ ಸಿಕ್ಕ ಕೆಲವರು ಸಲೀಸಾಗಿ ಒಳಗೆ ಬರುತ್ತಿದ್ದರು.

ಈ ಲೆಕ್ಕದಿಂದ ಎರಡು ತಪ್ಪು ತಿಳಿವಳಿಕೆ ಕಳಚಿಕೊಳ್ಳುತ್ತವೆ. 720 ಅಂದರೆ 72 ಪರ್ಸೆಂಟ್ ಅಲ್ಲ. ನಮ್ಮ ಮೊದಲ ಪತ್ರಿಕೆಯಲ್ಲಿ ಅದು 68 ಪರ್ಸೆಂಟ್. 17 ಅಂಕ ಕಡಿಮೆ ಅಂದರೆ 17 ಸಣ್ಣ ಸಣ್ಣ ತಪ್ಪುಗಳೂ ಅಲ್ಲ. ಹೆಚ್ಚುಕಡಿಮೆ ಒಂದೇ ಒಂದು ಪ್ರಶ್ನೆ. ನಮ್ಮ ಮಾದರಿಯಲ್ಲಿ 33 ಸರಿಯಾದರೆ ಬರುವುದು 702.5, ಅಂದರೆ ಅದೇ 703. ಅಭ್ಯರ್ಥಿಯ ಹೊಟ್ಟೆ ಉರಿಯುವುದೂ ಅದಕ್ಕೇ ಅಲ್ವಾ? ಒಂದು ಪ್ರಶ್ನೆ!

ನೀಟ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೂ ಇಲ್ಲೇ ಕಾಣುತ್ತದೆ. ಕಚ್ಚಾ ಅಂಕದಲ್ಲಿ 719 ಅಸಾಧ್ಯ ಎಂದು ಯಾರಾದರೂ ಸಾಬೀತು ಮಾಡಬಹುದು. ಸ್ಕೇಲ್ಡ್ ಸ್ಕೋರ್‌ನಲ್ಲಿ ಯಾವ ಅಂಕಿ ಸಾಧ್ಯ, ಯಾವುದು ಅಸಾಧ್ಯ ಎಂದು ಹೊರಗಿನವರು ಹೇಳಲಾರರು. ಪತ್ರಿಕೆಗಳ ನಡುವೆ ನ್ಯಾಯ ಸಿಕ್ಕಿದೆ. ಅದಕ್ಕೆ ತೆತ್ತ ಬೆಲೆ ಏನೆಂದರೆ, ಲೆಕ್ಕವನ್ನು ನಾವೇ ಪರೀಕ್ಷಿಸುವ ಅವಕಾಶ ಹೋಗಿದೆ.

ಗೆರೆ ಎಳೆಯುವವರು ಯಾರು

34 ಎಂಬ ಗೆರೆ ಎಲ್ಲಿಂದ ಬಂತು? 'ಇಷ್ಟು ಜನರನ್ನು ಪಾಸು ಮಾಡಿ' ಎಂಬ ಕೋಟಾದಿಂದ ಅಲ್ಲ. ಸರ್ಟಿಫಿಕೇಶನ್ ಕ್ಷೇತ್ರದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆಂಗಾಫ್ ಎಂಬ ವಿಧಾನ. ಆ ಕೆಲಸವನ್ನು ದಿನನಿತ್ಯ ಮಾಡುವ ಕೆಲವು ಪರಿಣತರನ್ನು ಕೂರಿಸುತ್ತಾರೆ. ಒಂದೊಂದೇ ಪ್ರಶ್ನೆ ತೋರಿಸಿ ಕೇಳುತ್ತಾರೆ: ಈ ಕೆಲಸಕ್ಕೆ ಬೇಕಾದಷ್ಟು ಮಾತ್ರ ಗೊತ್ತಿರುವ, ಅದಕ್ಕಿಂತ ಜಾಸ್ತಿ ಗೊತ್ತಿಲ್ಲದ ನೂರು ಜನ ಬಂದರೆ, ಎಷ್ಟು ಜನ ಇದನ್ನು ಸರಿ ಮಾಡುತ್ತಾರೆ? ಸುಲಭದ ಪ್ರಶ್ನೆಗೆ 85 ಎನ್ನಬಹುದು, ಕಷ್ಟದ್ದಕ್ಕೆ 45. ಎಲ್ಲ ಪರಿಣತರ ಸರಾಸರಿ ತೆಗೆದು, 50 ಪ್ರಶ್ನೆಗಳ ಉದ್ದಕ್ಕೂ ಕೂಡಿ ನೂರರಿಂದ ಭಾಗಿಸಿದರೆ ಕನಿಷ್ಠ ಅರ್ಹತೆಯ ಅಂಕ ಸಿಗುತ್ತದೆ.

ಇದು ಮನುಷ್ಯರ ತೀರ್ಮಾನ, ವಿಜ್ಞಾನದ ನಿಯಮವಲ್ಲ. ಬೇರೆ ಪರಿಣತರು ಕೂತಿದ್ದರೆ 33 ಅಥವಾ 35 ಆಗಬಹುದಿತ್ತು. ಆದರೆ ಒಮ್ಮೆ ಗೆರೆ ನಿಂತ ಮೇಲೆ ಅದು ಎಲ್ಲರಿಗೂ ಒಂದೇ. ಮುಂದಿನ ಪತ್ರಿಕೆಗಳನ್ನು ಅದಕ್ಕೇ ಹೊಂದಿಸುತ್ತಾರೆ. ಪಕ್ಕದವರು ಚೆನ್ನಾಗಿ ಬರೆದರೆ ನಿಮ್ಮ ಸ್ಕೋರ್ ಇಳಿಯುವುದಿಲ್ಲ. ಜೆಇಇ ಮೇನ್‌ನ ಪರ್ಸೆಂಟೈಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ನೀವು ಎಷ್ಟು ಜನರಿಗಿಂತ ಮುಂದಿದ್ದೀರಿ ಎಂಬುದು ಲೆಕ್ಕ. ಇಲ್ಲಿ ಗೆರೆ ದಾಟಿದ್ದೀರಾ ಎಂಬುದಷ್ಟೇ.

ಮೂರು ವಿಭಾಗ ಚೆನ್ನಾಗಿದೆ, ಆದರೂ ಫೇಲ್

ರಿಪೋರ್ಟ್‌ನ ಕೆಳಗೆ ವಿಭಾಗವಾರು ಪಟ್ಟಿ ಇರುತ್ತದೆ. ಪ್ರತಿ ವಿಭಾಗದ ಮುಂದೆ 'ಮೀಟ್ಸ್ ಕಾಂಪಿಟೆನ್ಸೀಸ್' ಅಥವಾ 'ನೀಡ್ಸ್ ಇಂಪ್ರೂವ್‌ಮೆಂಟ್'. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಮಾಡುವ ಒಬ್ಬ ಅಭ್ಯರ್ಥಿಯನ್ನು ಊಹಿಸಿಕೊಳ್ಳೋಣ. ಅವರ ರಿಪೋರ್ಟ್‌ನಲ್ಲಿ ಮೂರು ವಿಭಾಗಗಳು ಚೆನ್ನಾಗಿವೆ, ಸೆಕ್ಯೂರಿಟಿ ಮಾತ್ರ ಸಾಲದು ಎಂದಿದೆ. ಒಟ್ಟು 703. 'ನಾಲ್ಕರಲ್ಲಿ ಮೂರು ಪಾಸ್, ಆದರೂ ಫೇಲ್ ಹೇಗೆ? ಖಂಡಿತ ತಪ್ಪಾಗಿದೆ' ಎಂಬುದು ಅವರ ವಾದ.

ಒಳಗಿನ ಲೆಕ್ಕ ಹೀಗಿರಬಹುದು. ಸೆಕ್ಯೂರಿಟಿಯಲ್ಲಿ 15ಕ್ಕೆ 6. ಎರಡನೆಯದರಲ್ಲಿ 13ಕ್ಕೆ 10, ಮೂರನೆಯದರಲ್ಲಿ 12ಕ್ಕೆ 9, ನಾಲ್ಕನೆಯದರಲ್ಲಿ 10ಕ್ಕೆ 8. ಕೂಡಿದರೆ 33. ಮೂರು ವಿಭಾಗ ಚೆನ್ನಾಗಿರುವುದೂ ನಿಜ, ಒಟ್ಟು ಸಾಲದಿರುವುದೂ ನಿಜ. ಎಲ್ಲಕ್ಕಿಂತ ತೂಕದ ವಿಭಾಗವೇ ಕೈಕೊಟ್ಟಿದೆ.

ಇದರ ತಿರುಗುಮುರುಗು ಕೂಡ ಆಗುತ್ತದೆ. ಇನ್ನೊಬ್ಬರಿಗೆ ಕ್ರಮವಾಗಿ 14, 11, 6, 5 ಬಂದಿವೆ. ಕೊನೆಯ ಎರಡು ವಿಭಾಗಗಳ ಮುಂದೆ 'ನೀಡ್ಸ್ ಇಂಪ್ರೂವ್‌ಮೆಂಟ್' ಎಂದೇ ಇರಬಹುದು. ಒಟ್ಟು 36, ಸ್ಕೋರ್ 755, ಪಾಸ್. ಈ ಪರೀಕ್ಷೆಯಲ್ಲಿ ವಿಭಾಗವಾರು ಪಾಸಾಗಬೇಕಿಲ್ಲ. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆ ತುಂಬಿಕೊಳ್ಳಬಹುದು. ವಿಷಯವಾರು 35 ಬರಬೇಕು ಎಂದಿದ್ದ ನಮ್ಮ ಶಾಲಾ ದಿನಗಳ ನಿಯಮವನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ಈ ರಿಪೋರ್ಟ್ ಅರ್ಥವೇ ಆಗುವುದಿಲ್ಲ.

ಈ ವಿಭಾಗವಾರು ಮಾತನ್ನು ಜಾಸ್ತಿ ನಂಬುವುದೂ ಸರಿಯಲ್ಲ. ಖರ್ಚಿನ ವಿಭಾಗದಲ್ಲಿ ಇರುವುದು ಹತ್ತೇ ಪ್ರಶ್ನೆ. ಅಲ್ಲಿ ಅದೃಷ್ಟದಿಂದ ಎರಡು ಸರಿಯಾದರೆ, ಅಥವಾ ಅವಸರದಲ್ಲಿ ಎರಡು ತಪ್ಪಾದರೆ, ಮುದ್ರೆಯೇ ಬದಲಾಗುತ್ತದೆ. ಈ ಮಾಹಿತಿಯನ್ನು ಎಚ್ಚರದಿಂದ ಓದಿ ಎಂದು ಎಡಬ್ಲ್ಯೂಎಸ್ ತಾನೇ ಹೇಳುತ್ತದೆ.

ಅದೃಷ್ಟದ ತಪ್ಪು ಬೇರೆ, ಎಣಿಕೆಯ ತಪ್ಪು ಬೇರೆ

ಗೊಂದಲದ ಗಂಟು ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಬಿಡಿಸೋಣ.

ಈ ವಿಷಯದಲ್ಲಿ ನೂರಕ್ಕೆ 68ರಷ್ಟು ಗೊತ್ತಿರುವ ಒಬ್ಬರು ಇದ್ದಾರೆ ಎಂದುಕೊಳ್ಳಿ. ಅಂದರೆ ಸರಿಯಾಗಿ ಗೆರೆಯ ಮೇಲೆ ನಿಂತವರು. ಒಂದೇ ಮಟ್ಟದ ಬೇರೆ ಬೇರೆ 50 ಪ್ರಶ್ನೆಗಳ ಪರೀಕ್ಷೆಯನ್ನು ಅವರು ಮತ್ತೆ ಮತ್ತೆ ಬರೆದರೆ ಪ್ರತಿ ಸಲ 34 ಬರುವುದಿಲ್ಲ. ಒಮ್ಮೆ ಗೊತ್ತಿರುವ ವಿಷಯಗಳೇ ಬರುತ್ತವೆ, ಇನ್ನೊಮ್ಮೆ ಗೊತ್ತಿಲ್ಲದವು. ಸಂಭವನೀಯತೆಯ ಸರಳ ಲೆಕ್ಕದಲ್ಲಿ, ಮೂರು ಸಲದಲ್ಲಿ ಸುಮಾರು ಎರಡು ಸಲ ಅವರಿಗೆ 31ರಿಂದ 37ರ ನಡುವೆ ಬರುತ್ತದೆ. ನಮ್ಮ ಮೊದಲ ಪತ್ರಿಕೆಯ ಸ್ಕೇಲ್‌ನಲ್ಲಿ ಇದು ಸುಮಾರು 668ರಿಂದ 773. ಅಂದರೆ 703 ಬಂದವರಿಗೂ 720 ಬಂದವರಿಗೂ ಜ್ಞಾನದಲ್ಲಿ ವ್ಯತ್ಯಾಸವಿದೆ ಎಂದು ಈ ಒಂದು ಪರೀಕ್ಷೆಯಿಂದ ಗಟ್ಟಿಯಾಗಿ ಹೇಳಲು ಆಗುವುದಿಲ್ಲ.

ಅಭ್ಯರ್ಥಿಯ ಸಂಕಟಕ್ಕೆ ಆಧಾರವಿದೆ ಎಂದಾಯಿತು. 'ನಾನು ನಿಜವಾಗಿ ಅರ್ಹ, ಆ ದಿನ ಕೈಕೊಟ್ಟಿತು' ಎಂಬ ಮಾತು ಸತ್ಯವೇ ಇರಬಹುದು.

ಆದರೆ ರೀಸ್ಕೋರ್ ಇದನ್ನು ಸರಿಪಡಿಸುವುದಿಲ್ಲ. ರೀಸ್ಕೋರ್ ಅಂದರೆ ದರ್ಶಿನಿಯ ಬಿಲ್ಲನ್ನು ಮತ್ತೊಮ್ಮೆ ಕೂಡಿ ನೋಡಿದ ಹಾಗೆ. ಕೂಡಿದ್ದು ತಪ್ಪಾಗಿದ್ದರೆ ಸಿಕ್ಕಿಬೀಳುತ್ತದೆ. ದೋಸೆಯ ಬದಲು ಇಡ್ಲಿ ತಗೋಬೇಕಿತ್ತು ಎಂಬುದನ್ನು ಬಿಲ್ ಬದಲಿಸುವುದಿಲ್ಲ. ಆ ದಿನ ಬಂದ ಪ್ರಶ್ನೆಗಳು ಅವೇ, ಒತ್ತಿದ ಉತ್ತರಗಳು ಅವೇ, ಕೀ ಅದೇ. ಹಾಗಾಗಿ ಬರುವ ಸ್ಕೋರೂ ಅದೇ. ಅದೃಷ್ಟದ ಏರುಪೇರಿಗೆ ಮದ್ದು ಇನ್ನೊಂದು ಪರೀಕ್ಷೆ ಮಾತ್ರ. ಗೆರೆಗೆ ಹತ್ತಿರ ಬಂದಿರುವುದು ಮತ್ತೆ ಬರೆಯಲು ಒಳ್ಳೆಯ ಕಾರಣ, ಮತ್ತೆ ಎಣಿಸಿ ಎಂದು ಕೇಳಲು ಕಾರಣವಲ್ಲ. ಎಷ್ಟು ಹತ್ತಿರ ಬಂದಿದ್ದೀರಿ ಎಂಬುದಕ್ಕೂ ಎಣಿಕೆ ತಪ್ಪಿರುವ ಸಾಧ್ಯತೆಗೂ ಸಂಬಂಧವಿಲ್ಲ.

ಮತ್ತೆ ಬರೆದಾಗಲೂ ಇದೇ ಏರುಪೇರು ಕಾಡುತ್ತದೆ. ಮೊದಲ ಸಲ 703, ಎರಡು ವಾರ ಓದಿದ ಮೇಲೆ 690 ಬಂದರೆ ಓದಿದ್ದು ವ್ಯರ್ಥ ಎಂದಲ್ಲ. ಒಂದು ಪ್ರಶ್ನೆಯಷ್ಟು ಆಚೀಚೆ ಆಗಿದೆ, ಅಷ್ಟೇ.

ಎರಡು ಕಡೆಯ ವಾದ

ಇಷ್ಟೆಲ್ಲ ಲೆಕ್ಕ ಇದ್ದರೆ ಅದನ್ನು ತೋರಿಸಲು ಏನು ಕಷ್ಟ? ಅಭ್ಯರ್ಥಿಗಳ ಪ್ರಶ್ನೆ ಇದು. ಸಾವಿರಾರು ರೂಪಾಯಿ ಕಟ್ಟಿದ್ದೇವೆ. ಯಾವುದು ತಪ್ಪಾಯಿತು ಎಂದಾದರೂ ಹೇಳಿ. ಕೀ ಉತ್ತರ ಕೊಡಿ. ನೀಟ್‌ನಲ್ಲಿ ಕೊಡುತ್ತಾರೆ, ಸಿಇಟಿಯಲ್ಲಿ ಕೊಡುತ್ತಾರೆ, ಇಲ್ಲಿ ಯಾಕಿಲ್ಲ?

ಸಂಸ್ಥೆಗಳ ಉತ್ತರಕ್ಕೂ ತೂಕವಿದೆ. ಸಿಇಟಿ ಪ್ರಶ್ನೆಪತ್ರಿಕೆ ಒಂದು ಸಲದ ಬಳಕೆಗೆ. ಸರ್ಟಿಫಿಕೇಶನ್ ಪ್ರಶ್ನೆಗಳು ತಿಂಗಳುಗಟ್ಟಲೆ ಚಲಾವಣೆಯಲ್ಲಿ ಇರುತ್ತವೆ. ಪ್ರಶ್ನೆ ಬರೆಯಬೇಕು, ಪರಿಣತರು ತಿದ್ದಬೇಕು, ಲೆಕ್ಕಕ್ಕಿಲ್ಲದ ಹದಿನೈದರಲ್ಲಿ ಸೇರಿಸಿ ಪರೀಕ್ಷಿಸಬೇಕು. ಕೀ ಕೊಟ್ಟ ದಿನವೇ ಅದು 'ಡಂಪ್' ಆಗಿ ಮಾರಾಟಕ್ಕೆ ಬರುತ್ತದೆ. ಹಾಗೆ ಆದರೆ ನಿಯತ್ತಾಗಿ ಓದಿ ಪಾಸಾದವರ ಸರ್ಟಿಫಿಕೇಟ್‌ಗೂ ಬೆಲೆ ಹೋಗುತ್ತದೆ.

ಕೀ ವಿಷಯದಲ್ಲಿ ಸಂಸ್ಥೆಗಳ ಮಾತು ಒಪ್ಪಬಹುದು. ಆದರೆ ಪ್ರಶ್ನೆ ಬಹಿರಂಗಪಡಿಸದೆಯೂ ಹೇಳಬಹುದಾದ ಸಂಗತಿಗಳಿವೆ. ಈ ಸ್ಕೋರ್ ಎಷ್ಟು ಅಂಕ ಆಚೀಚೆ ಇರಬಹುದು ಎಂದು ರಿಪೋರ್ಟ್‌ನಲ್ಲೇ ಒಂದು ಸಾಲು ಹಾಕಿದರೆ ಡಂಪ್ ಮಾರುವವರಿಗೆ ಏನೂ ಸಿಗುವುದಿಲ್ಲ. ಅಭ್ಯರ್ಥಿಗೆ ಮಾತ್ರ ತುಂಬ ಸಿಗುತ್ತದೆ. ಅದನ್ನೂ ಮುಚ್ಚಿಡುವುದಕ್ಕೆ ಒಳ್ಳೆಯ ಕಾರಣ ಕಾಣುವುದಿಲ್ಲ.

ಆ ಸಾಲಿನ ಅಗತ್ಯ ಕಂಪನಿಗಳಿಗೂ ಇದೆ. ಸಂದರ್ಶನದಲ್ಲಿ 'ಸ್ಕೋರ್ ಎಷ್ಟು?' ಎಂದು ಕೇಳಿ, 760 ಬಂದವರಿಗಿಂತ 790 ಬಂದವರೇ ಜಾಣರು ಎಂದುಕೊಂಡರೆ ಅದಕ್ಕೆ ಬುಡವಿಲ್ಲ. ಒಂದೆರಡು ಪ್ರಶ್ನೆಗಳ ಅಂತರ ಅದು. ಎಡಬ್ಲ್ಯೂಎಸ್‌ನ 760ನ್ನು ಮೈಕ್ರೋಸಾಫ್ಟ್‌ನ 760ರ ಪಕ್ಕ ಇಡುವುದಂತೂ ಇನ್ನೂ ತಪ್ಪು. ಅಲ್ಲಿಯ ಸ್ಕೇಲ್ 1ರಿಂದ 1000, ಪಾಸ್ ಗೆರೆ 700. ಎರಡೂ ಬೇರೆ ಬೇರೆ ಅಳತೆ. ಈ ಪರೀಕ್ಷೆಗಳನ್ನು ಕಟ್ಟಿರುವುದೇ ಗೆರೆಯ ಈಚೆ, ಆಚೆ ಎಂದು ವಿಂಗಡಿಸಲು.

ಹಾಗಾದರೆ ಯಾವಾಗ ಕೇಳಬೇಕು

ಮೊದಲನೆಯದಾಗಿ, ಮನುಷ್ಯರು ಅಂಕ ಕೊಡುವ ಕಡೆ. ಇಂಗ್ಲಿಷ್ ಭಾಷೆಯ ಪರೀಕ್ಷೆ ಐಇಎಲ್‌ಟಿಎಸ್ ಇದಕ್ಕೆ ಒಳ್ಳೆಯ ಉದಾಹರಣೆ. ಬರವಣಿಗೆ ಮತ್ತು ಮಾತಿಗೆ ಅಲ್ಲಿ ಪರೀಕ್ಷಕರು ಬ್ಯಾಂಡ್ ಕೊಡುತ್ತಾರೆ. ಪರೀಕ್ಷೆಯ ದಿನದಿಂದ ಆರು ವಾರದೊಳಗೆ ಮರುಪರಿಶೀಲನೆ ಕೇಳಬಹುದು. ಬೇರೆ ಪರೀಕ್ಷಕರು ಹೊಸದಾಗಿ ನೋಡುತ್ತಾರೆ, ಬ್ಯಾಂಡ್ ಬದಲಾದರೆ ಶುಲ್ಕ ವಾಪಸ್. ವಿಶ್ವವಿದ್ಯಾಲಯ 7 ಕೇಳಿದೆ, ಉಳಿದ ಮೂರರಲ್ಲಿ ಏಳೂವರೆ, ಎಂಟು ಇದೆ, ಬರವಣಿಗೆಯಲ್ಲಿ ಮಾತ್ರ ಆರೂವರೆ. ಇಂಥ ಕಡೆ ಅರ್ಜಿ ಹಾಕುವುದು ಬುದ್ಧಿವಂತಿಕೆ. ಕಾರಣ ಅಂತರ ಸಣ್ಣದು ಎಂದಷ್ಟೇ ಅಲ್ಲ. ಅಂಕ ಕೊಟ್ಟಿರುವುದು ಒಂದು ಕಣ್ಣು, ಇನ್ನೊಂದು ಕಣ್ಣಿಗೆ ಅದು ಬೇರೆ ಕಾಣಬಹುದು.

ಎರಡನೆಯದು ಪರೀಕ್ಷೆಯ ನಡುವೆ ಆದ ತೊಂದರೆ. ಕರೆಂಟ್ ಹೋಯಿತು, ಕಂಪ್ಯೂಟರ್ ನಿಂತಿತು, ಮನೆಯಿಂದ ಬರೆಯುವಾಗ ಸಂಪರ್ಕ ಕಡಿದು ಮತ್ತೆ ಸೇರಿದಾಗ ಹಿಂದಿನ ಉತ್ತರಗಳು ಕಾಣಲಿಲ್ಲ. ಇಲ್ಲಿ ದೂರು ಕೊಡಲೇಬೇಕು. ಆದರೆ ಸಮಯ ಮುಖ್ಯ. ಕೇಂದ್ರದಿಂದ ಹೊರಡುವ ಮುಂಚೆಯೇ ಸಿಬ್ಬಂದಿಗೆ ಹೇಳಿ ಘಟನೆಯನ್ನು ದಾಖಲು ಮಾಡಿಸಿ, ಅದರ ನಂಬರ್ ಬರೆದುಕೊಳ್ಳಬೇಕು. ಫೇಲ್ ಎಂದು ಗೊತ್ತಾದ ಮೇಲೆ ನೆನಪಾದ ತೊಂದರೆಯನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ. ಇಂಥ ದೂರಿನಲ್ಲಿ ಗೆದ್ದರೂ ಸಾಮಾನ್ಯವಾಗಿ ಸಿಗುವುದು ಮತ್ತೆ ಬರೆಯುವ ಅವಕಾಶ, ಅಂಕವಲ್ಲ. ನೀಟ್‌ನಲ್ಲಿ ಅಂಕ ಕೊಟ್ಟು ಏನಾಯಿತು ಎಂದು ನೋಡಿದ್ದೇವಲ್ಲ.

ಕೈಯಾರೆ ಕೆಲಸ ಮಾಡಿ ತೋರಿಸುವ ಪರೀಕ್ಷೆಗಳಲ್ಲಿ ಈ ವಿಷಯ ಸ್ವಲ್ಪ ಸೂಕ್ಷ್ಮ. ಕುಬರ್ನೆಟಿಸ್ ಅಡ್ಮಿನಿಸ್ಟ್ರೇಟರ್ ಪರೀಕ್ಷೆ ಸಿಕೆಎಯಲ್ಲಿ ಎರಡು ಗಂಟೆ, 66 ಪರ್ಸೆಂಟ್ ಬಂದರೆ ಪಾಸ್. ನೀವು ಮುಗಿಸಿದ ಮೇಲೆ ಕ್ಲಸ್ಟರ್ ಯಾವ ಸ್ಥಿತಿಯಲ್ಲಿದೆ ಎಂದು ಸ್ಕ್ರಿಪ್ಟ್ ನೋಡುತ್ತದೆ. ಕೆಲಸವನ್ನು ಪೂರ್ತಿ ಸರಿಯಾಗಿ ಮಾಡಿದ್ದೀರಿ, ಆದರೆ ಬೇರೆ ನೇಮ್‌ಸ್ಪೇಸ್‌ನಲ್ಲಿ. ಅಥವಾ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟಿದ್ದೀರಿ. ಸ್ಕ್ರಿಪ್ಟ್ ಹುಡುಕಿದ ಜಾಗದಲ್ಲಿ ಏನೂ ಇಲ್ಲ. 'ಎಲ್ಲ ಸರಿ ಮಾಡಿದ್ದೆ, 58 ಹೇಗೆ ಬಂತು' ಎನ್ನುವವರಲ್ಲಿ ಹಲವರ ಕಥೆ ಇದೇ. ರೀಸ್ಕೋರ್ ಮಾಡಿದರೆ ಅದೇ ಸ್ಕ್ರಿಪ್ಟ್ ಅದೇ ಜಾಗದಲ್ಲಿ ಮತ್ತೆ ಹುಡುಕುತ್ತದೆ. ಪರೀಕ್ಷೆಯ ಪರಿಸರವೇ ಕೆಟ್ಟಿತ್ತು, ನೋಡ್ ಮೇಲೆ ಏಳಲೇ ಇಲ್ಲ ಎಂದಿದ್ದರೆ ಮಾತು ಬೇರೆ. ಸಿಕೆಎ ಶುಲ್ಕದಲ್ಲೇ ಇನ್ನೊಂದು ಪ್ರಯತ್ನವೂ ಸೇರಿರುವುದರಿಂದ ಹೆಚ್ಚಿನವರಿಗೆ ಅದನ್ನು ಬಳಸಿಕೊಳ್ಳುವುದೇ ಹತ್ತಿರದ ದಾರಿ.

ಮೂರನೆಯದು ರಿಪೋರ್ಟ್ ತನ್ನೊಳಗೇ ತಾಳೆಯಾಗದೆ ಇರುವುದು. ಸ್ಕೋರ್ 741, ಫಲಿತಾಂಶ ಫೇಲ್. ಅಥವಾ ನಾಲ್ಕೂ ವಿಭಾಗ ಚೆನ್ನಾಗಿದೆ ಎಂದಿದ್ದು ಒಟ್ಟು 450. ಅಥವಾ ಪರೀಕ್ಷೆಯ ಕೋಡ್ ನೀವು ಬರೆದದ್ದಲ್ಲ. ಇದು ಅಪರೂಪ. ಆದರೆ ನಿಜವಾದ ಎಣಿಕೆ ಅಥವಾ ದಾಖಲೆ ತಪ್ಪಿನ ಗುರುತು ಇದೇ, ಇದ್ದರೆ ತಡ ಮಾಡಬಾರದು.

ನಾಲ್ಕನೆಯದು ಪ್ರಶ್ನೆಯೇ ತಪ್ಪಾಗಿರುವುದು. ಇದು ರೀಸ್ಕೋರ್ ಅಲ್ಲ, ಪ್ರಶ್ನೆಯ ಮೇಲಿನ ಆಕ್ಷೇಪ. ಇದರ ಶಕ್ತಿ ಏನೆಂದು ನೀಟ್‌ನಲ್ಲೇ ಕಂಡಿತು. ಭೌತಶಾಸ್ತ್ರದ ಒಂದು ಪ್ರಶ್ನೆಗೆ ಎರಡು ಉತ್ತರಗಳನ್ನು ಸರಿ ಎಂದು ಒಪ್ಪಿದ್ದರು. ಸುಪ್ರೀಂ ಕೋರ್ಟ್ ಐಐಟಿ ದೆಹಲಿಯ ಪರಿಣತರ ಅಭಿಪ್ರಾಯ ಕೇಳಿತು. ಒಂದೇ ಸರಿ ಎಂದು ತೀರ್ಮಾನವಾಗಿ, ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಅಂಕ ಬದಲಾಯಿತು. ಪೂರ್ತಿ 720 ಪಡೆದವರ ಸಂಖ್ಯೆ 61ರಿಂದ 17ಕ್ಕೆ ಇಳಿಯಿತು. ಕೀ ತಿದ್ದಿದರೆ ಎಲ್ಲರ ಲೆಕ್ಕವೂ ಬದಲಾಗುತ್ತದೆ, ಕೆಲವರಿಗೆ ಕೆಳಗೂ ಇಳಿಯುತ್ತದೆ. ಮೈಕ್ರೋಸಾಫ್ಟ್ ಇಂಥ ಆಕ್ಷೇಪಕ್ಕೆಂದೇ ದಾರಿ ಇಟ್ಟಿದೆ. ಪ್ರಶ್ನೆಯನ್ನು ನೆನಪಿಟ್ಟು ಹೊರಗೆ ಹಂಚಿದರೆ ಗೋಪ್ಯತೆಯ ಒಪ್ಪಂದ ಮುರಿದಂತೆ. ಸಂಸ್ಥೆಗೆ ಮಾತ್ರ, ಯಾವ ವಿಷಯ, ತಾಂತ್ರಿಕವಾಗಿ ಏನು ತಪ್ಪು, ಅಧಿಕೃತ ದಾಖಲೆಯ ಯಾವ ಪುಟ ಬೇರೆ ಹೇಳುತ್ತದೆ ಎಂದು ಬರೆಯಬೇಕು. 'ಪ್ರಶ್ನೆ ಗೊಂದಲಮಯವಾಗಿತ್ತು' ಎಂಬ ಒಂದು ಸಾಲಿನಿಂದ ಏನೂ ಆಗುವುದಿಲ್ಲ.

703 ಬಂದ ಅಭ್ಯರ್ಥಿಗೆ ಈ ನಾಲ್ಕರಲ್ಲಿ ಯಾವುದೂ ಹೊಂದುವುದಿಲ್ಲ. ಪರೀಕ್ಷೆ ಸುಸೂತ್ರವಾಗಿ ನಡೆದಿದೆ, ರಿಪೋರ್ಟ್ ತನ್ನೊಳಗೆ ತಾಳೆಯಾಗುತ್ತದೆ. ಎಡಬ್ಲ್ಯೂಎಸ್ ನಿಯಮದಂತೆ ಫೇಲಾದ ಮೇಲೆ 14 ದಿನ ಕಾಯಬೇಕು, ಪ್ರತಿ ಸಲವೂ ಪೂರ್ತಿ ಶುಲ್ಕ ಕಟ್ಟಬೇಕು. ಪಾಸಾದರೆ ಮಾತ್ರ ಹಣ ವಾಪಸ್ ಕೊಡುವ ಕಂಪನಿಯಲ್ಲಿದ್ದರೆ ಎರಡನೇ ಪ್ರಯತ್ನಕ್ಕೂ ಅದು ಅನ್ವಯವಾಗುತ್ತದಾ ಎಂದು ಎಚ್‌ಆರ್‌ನಲ್ಲಿ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಓದಲು ಸಿಗುವ ಸಮಯವನ್ನು ನಾಲ್ಕು ಪಾಲು ಮಾಡಬೇಕಿಲ್ಲ. ಹದಿನೈದಕ್ಕೆ ಆರು ಬಂದ ಸೆಕ್ಯೂರಿಟಿಯಲ್ಲಿ ಇನ್ನು ಮೂರ್ನಾಲ್ಕು ಪ್ರಶ್ನೆ ಸೇರಿದರೆ, ನಮ್ಮ ಮಾದರಿಯ ಲೆಕ್ಕದಲ್ಲಿ ಸ್ಕೋರ್ 755ರಿಂದ 773ರ ಆಸುಪಾಸಿಗೆ ಬರುತ್ತದೆ. ಒಂದೇ ಪ್ರಶ್ನೆ ಸಾಲದು. ಮುಂದಿನ ಸಲದ ಏರುಪೇರನ್ನೂ ತಡೆದುಕೊಳ್ಳುವಷ್ಟು ಅಂತರ ಬೇಕು.